ಹೋಯಿತೋ, ಹೋಗಲಿಲ್ಲವೋ: ₹24,000 ನಡುದಾರಿಯಲ್ಲಿ ಸಿಕ್ಕಿಕೊಂಡ ನಾಲ್ಕು ದಿನ

ಒಂದು ಪೇಮೆಂಟ್ ಆ್ಯಪ್ ಬಗ್ಗೆ ನಾನು ಬರೆದಿದ್ದ ವಿಮರ್ಶೆಯನ್ನು ಆರು ತಿಂಗಳಲ್ಲೇ ಪೂರ್ತಿ ಬದಲಿಸಬೇಕಾಯಿತು. ಆ ಬದಲಾವಣೆಗೆ ಕಾರಣವಾದ ಪ್ರಕರಣ ಇದು. ಆ್ಯಪ್, ಬ್ಯಾಂಕ್, ಊರು, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಮೊತ್ತವನ್ನೂ ಸ್ವಲ್ಪ ಬದಲಿಸಿದ್ದೇನೆ. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ.

ಹಿನ್ನೆಲೆ

ದುಡ್ಡು ಕಳಿಸಿದವರು ನಿವೃತ್ತ ಶಿಕ್ಷಕಿ, ನನಗೆ ಬಹಳ ವರ್ಷದ ಪರಿಚಯ. ಟೀಚರ್ ಅಂತಲೇ ಕರೆಯೋಣ. ಯಾವ ಪೇಮೆಂಟ್ ಆ್ಯಪ್ ಒಳ್ಳೆಯದು ಅಂತ ಅವರು ಕೇಳಿದ್ದಾಗ ಇದನ್ನು ಹೇಳಿದ್ದೇ ನಾನು. ನನ್ನ ವಿಮರ್ಶೆಯಲ್ಲಿ ಅದಕ್ಕೆ ಐದರಲ್ಲಿ ನಾಲ್ಕೂವರೆ ಕೊಟ್ಟಿದ್ದೆ. ಕಾರಣಗಳೂ ಇದ್ದವು. ಅಕ್ಷರ ದೊಡ್ಡದು. ಕನ್ನಡದಲ್ಲಿ ಬಳಸಬಹುದು. ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಹೋಗುವವರೆಗೆ ನಾಲ್ಕೇ ಸಲ ಬೆರಳು ಇಟ್ಟರೆ ಸಾಕು. ಸುಮಾರು ನಲವತ್ತು ಸಲ ದುಡ್ಡು ಕಳಿಸಿ ನೋಡಿದ್ದೆ, ಎಲ್ಲವೂ ಸರಿಯಾಗಿ ಹೋಗಿದ್ದವು.

ತಪ್ಪು ಅಲ್ಲೇ ಇತ್ತು ಅಂತ ಈಗ ಅನ್ನಿಸುತ್ತದೆ. ನಲವತ್ತು ಸಲವೂ ಸರಿಯಾಗಿ ಹೋದ ದುಡ್ಡಿನಿಂದ, ಹೋಗದೆ ಇದ್ದಾಗ ಆ ಆ್ಯಪ್ ಏನು ಮಾಡುತ್ತದೆ ಅನ್ನುವುದು ಒಂದಿಷ್ಟೂ ಗೊತ್ತಾಗಿರಲಿಲ್ಲ.

ಶುಕ್ರವಾರ ಸಂಜೆ

ಟೀಚರ್ ಮನೆಯಲ್ಲಿ ರಿಪೇರಿ ಕೆಲಸ ನಡೆಯುತ್ತಿತ್ತು. ಮೇಸ್ತ್ರಿಗೆ ₹24,000 ಕೊಡಬೇಕಿತ್ತು. ತಿಂಗಳ 2ನೇ ತಾರೀಕು, ಶುಕ್ರವಾರ, ಸಂಜೆ 4:41ಕ್ಕೆ ಅವರ ನಂಬರಿಗೆ ಕಳಿಸಿದರು. ಪಿನ್ ಹಾಕಿದರು. ಚಕ್ರ ತಿರುಗಿತು. ಆಮೇಲೆ ಹಳದಿ ಬಣ್ಣದ ಒಂದು ಪರದೆ ಬಂತು. ಮೇಲೆ "ಪಾವತಿ ಪ್ರಕ್ರಿಯೆಯಲ್ಲಿದೆ" ಅಂತ ಸಣ್ಣ ಅಕ್ಷರ. ಕೆಳಗೆ ಪರದೆಯ ಉದ್ದಕ್ಕೂ ನೀಲಿ ಬಟನ್: "ಮತ್ತೆ ಪ್ರಯತ್ನಿಸಿ".

ಅಷ್ಟರಲ್ಲಿ ಬ್ಯಾಂಕಿನಿಂದ ಎಸ್‌ಎಂಎಸ್ ಬಂತು, ಖಾತೆಯಿಂದ ₹24,000 ಕಡಿತವಾಗಿದೆ ಅಂತ. ಟೀಚರ್ ಅದನ್ನು ನೋಡಲಿಲ್ಲ. ಕಣ್ಣು ಆ್ಯಪ್ ಮೇಲೇ ಇತ್ತು. ಮೇಸ್ತ್ರಿ ಎದುರಿಗೇ ನಿಂತಿದ್ದರು, "ಬಂದಿಲ್ಲ ಅಮ್ಮಾ" ಅಂದರು. ಹತ್ತು ನಿಮಿಷ ಕಾದು 4:52ಕ್ಕೆ ಟೀಚರ್ ನೀಲಿ ಬಟನ್ ಒತ್ತಿದರು. ಈ ಸಲ ಹಸಿರು ಟಿಕ್ ಬಂತು, ಮೇಸ್ತ್ರಿಗೆ ದುಡ್ಡೂ ಬಂತು.

ಖಾತೆಯಲ್ಲಿ ₹51,000 ಇತ್ತು. ಈಗ ₹3,000 ಉಳಿಯಿತು. ಸೋಮವಾರ, 5ನೇ ತಾರೀಕು, ₹6,500ರ ಸಾಲದ ಕಂತು ತಾನಾಗಿಯೇ ಕಡಿತವಾಗುವುದಿತ್ತು.

ರಾತ್ರಿ ಟೀಚರ್ ನನಗೆ ಫೋನ್ ಮಾಡಿದರು. "ನೋಡಪ್ಪಾ, ಆ ಬಟನ್ ಒತ್ತು ಅಂತ ಅದೇ ಹೇಳಿತಲ್ಲ, ನಾನು ಒತ್ತಿದೆ. ಈಗ ಎರಡು ಸಲ ಹೋಗಿದೆ." ದನಿಯಲ್ಲಿ ಗಾಬರಿಗಿಂತ ಹೆಚ್ಚಾಗಿ ನಾಚಿಕೆ ಇತ್ತು. ನನಗೆ ತುಂಬಾ ಬೇಜಾರಾಗಿದ್ದು ಅದಕ್ಕೇ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ದುಡ್ಡು ಎಲ್ಲಿತ್ತು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಗೊತ್ತಿಲ್ಲದಿದ್ದರೆ ಮುಂದಿನ ಓಡಾಟ ಅರ್ಥವಾಗುವುದಿಲ್ಲ.

ಯುಪಿಐ ಮೂಲಕ ಕಳಿಸುವಾಗ ದುಡ್ಡು ಆ್ಯಪ್ ಕೈಗೆ ಬರುವುದೇ ಇಲ್ಲ. ಆ್ಯಪ್ ನಮ್ಮ ಆದೇಶವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ ತಲುಪಿಸುತ್ತದೆ ಅಷ್ಟೇ. ಎನ್‌ಪಿಸಿಐ ಮೊದಲು ಕಳಿಸುವವರ ಬ್ಯಾಂಕಿಗೆ "ಇಷ್ಟು ಕಡಿತ ಮಾಡಿ" ಅನ್ನುತ್ತದೆ. ಅಲ್ಲಿಂದ ಹ್ಞೂಂ ಅಂತ ಬಂದ ಮೇಲೆ ಪಡೆಯುವವರ ಬ್ಯಾಂಕಿಗೆ "ಇಷ್ಟು ಜಮೆ ಮಾಡಿ" ಅನ್ನುತ್ತದೆ. ಸಾಮಾನ್ಯವಾಗಿ ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಮೊದಲ ಹೆಜ್ಜೆಯಲ್ಲೇ ತೊಂದರೆಯಾದರೆ ಚಿಂತೆಯಿಲ್ಲ. ಪಿನ್ ತಪ್ಪು, ಬ್ಯಾಲೆನ್ಸ್ ಇಲ್ಲ, ಹೀಗೆ ಏನಾದರೂ ಆದರೆ ಪೇಮೆಂಟ್ ಸೋತಿತು ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಷ್ಟ ಬರುವುದು ಎರಡನೇ ಹೆಜ್ಜೆಯಲ್ಲಿ. ಕಡಿತ ಆಗಿದೆ, ಜಮೆ ಮಾಡಿ ಅಂತ ಹೇಳಿಯೂ ಆಗಿದೆ, ಆದರೆ ಆ ಬ್ಯಾಂಕಿನಿಂದ ಉತ್ತರವೇ ಬಂದಿಲ್ಲ. ಜಮೆ ಮಾಡಿ ಉತ್ತರ ಕೊಡುವುದು ತಡವಾಗಿರಬಹುದು. ಜಮೆಯೇ ಆಗದೆ ಇರಬಹುದು. ಆ ಕ್ಷಣದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ದುಡ್ಡನ್ನು ತಕ್ಷಣ ವಾಪಸ್ ಮಾಡುವ ಹಾಗಿಲ್ಲ. ಜಮೆ ಆಗಿಯೂ ವಾಪಸ್ ಆದರೆ ಬ್ಯಾಂಕಿಗೆ ನಷ್ಟ. ಇಂಥದ್ದನ್ನು ವ್ಯವಸ್ಥೆ "ಆಗಿದೆ ಎಂದು ಭಾವಿಸಲಾಗಿದೆ" ಅನ್ನುವ ಲೆಕ್ಕಕ್ಕೆ ಸೇರಿಸುತ್ತದೆ. ಆಮೇಲೆ ಪಡೆಯುವವರ ಬ್ಯಾಂಕ್ ತನ್ನ ಲೆಕ್ಕ ತಾಳೆ ನೋಡಿ, ಒಂದೋ ಜಮೆ ಮಾಡಬೇಕು, ಇಲ್ಲ ವಾಪಸ್ ಕಳಿಸಬೇಕು.

ಟೀಚರ್ ಕಳಿಸಿದ ಮೊದಲ ₹24,000 ಇದೇ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಅದರಲ್ಲಿ ಆ್ಯಪ್‌ನ ತಪ್ಪಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಉತ್ತರ ಗೊತ್ತಿಲ್ಲದ ಹೊತ್ತಿನಲ್ಲಿ "ಮತ್ತೆ ಪ್ರಯತ್ನಿಸಿ" ಅಂತ ದೊಡ್ಡ ಬಟನ್ ಇಟ್ಟಿದ್ದು ಆ್ಯಪ್‌ನದೇ ನಿರ್ಧಾರ. "ನಿಮ್ಮ ಖಾತೆಯಿಂದ ದುಡ್ಡು ಕಡಿತವಾಗಿರಬಹುದು, ಎಸ್‌ಎಂಎಸ್ ನೋಡಿ, ಇದರ ಫಲಿತಾಂಶ ಬರುವವರೆಗೆ ಮತ್ತೆ ಕಳಿಸಬೇಡಿ" ಅಂತ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಬಟನ್ ಒತ್ತಿದಾಗಲೂ, ಹನ್ನೊಂದು ನಿಮಿಷದ ಹಿಂದೆ ಇದೇ ವ್ಯಕ್ತಿಗೆ ಇದೇ ಮೊತ್ತ ಕಳಿಸಿದ್ದೀರಿ ಅಂತ ಅದು ಕೇಳಲಿಲ್ಲ.

ಏನೇನು ಮಾಡಿ ನೋಡಿದೆವು

ಮೊದಲು ಕಾದೆವು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ದುಡ್ಡು ಜಮೆ ಆಗದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಆರ್‌ಬಿಐ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ ಈ ಗಡುವು ಇದೆ. ಅದರಾಚೆ ತಡವಾದರೆ ದಿನಕ್ಕೆ ₹100 ಪರಿಹಾರ, ಅದೂ ಗ್ರಾಹಕರು ಕೇಳದೆಯೇ. (ವ್ಯಾಪಾರಿಗೆ ಕೊಟ್ಟ ಪೇಮೆಂಟ್ ಆಗಿದ್ದರೆ ಗಡುವು ಐದು ದಿನ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಸಪೋರ್ಟ್‌ನವರೂ ಎಷ್ಟೋ ಸಲ ಎಲ್ಲದಕ್ಕೂ ಐದು ದಿನ ಅಂತಲೇ ಹೇಳುತ್ತಾರೆ.)

ಶನಿವಾರ ರಾತ್ರಿ ಹೊಸ ತೊಂದರೆ ಶುರುವಾಯಿತು. ಹಳದಿ ಬಣ್ಣ ಹೋಗಿ ಮೊದಲ ಪೇಮೆಂಟ್‌ಗೂ ಹಸಿರು ಟಿಕ್ ಬಂತು: "ಯಶಸ್ವಿಯಾಗಿದೆ". ಮೇಸ್ತ್ರಿಯ ಖಾತೆಯಲ್ಲಿ ಮಾತ್ರ ಒಂದೇ ₹24,000 ಇತ್ತು. ಅಂದರೆ "ಆಗಿದೆ ಎಂದು ಭಾವಿಸಲಾಗಿದೆ" ಅನ್ನುವುದನ್ನು ಆ್ಯಪ್ "ಆಗಿದೆ" ಅಂತಲೇ ತೋರಿಸುತ್ತಿತ್ತು.

ಇದು ಬರೀ ಒಂದು ಪದದ ವಿಷಯ ಅಲ್ಲ. ಸಹಾಯ ವಿಭಾಗಕ್ಕೆ ಹೋದರೆ, ಯಶಸ್ವಿ ಅಂತ ತೋರಿಸಿದ ಪೇಮೆಂಟ್‌ಗೆ "ದುಡ್ಡು ಕಡಿತವಾಗಿದೆ, ತಲುಪಿಲ್ಲ" ಅನ್ನುವ ಆಯ್ಕೆಯೇ ಕಾಣಿಸುತ್ತಿರಲಿಲ್ಲ. ಕ್ಯಾಶ್‌ಬ್ಯಾಕ್, ತಪ್ಪು ವ್ಯಕ್ತಿಗೆ ಕಳಿಸಿದ್ದು, ಇಂಥವು ಮಾತ್ರ ಇದ್ದವು. ಚಾಟ್ ತೆರೆದರೆ ಅಲ್ಲಿಯವರೆಗೆ ಕನ್ನಡದಲ್ಲಿದ್ದ ಆ್ಯಪ್ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೋಯಿತು. ಏನು ಬರೆದರೂ ಒಂದೇ ಸಿದ್ಧ ಉತ್ತರ: ನಿಮ್ಮ ಪೇಮೆಂಟ್ ಯಶಸ್ವಿಯಾಗಿದೆ, ಪಡೆಯುವವರು ತಮ್ಮ ಬ್ಯಾಂಕನ್ನು ಸಂಪರ್ಕಿಸಲಿ. ಸುಲಭವಾಗಿದೆ ಅಂತ ನಾನು ಹೊಗಳಿದ್ದ ಕನ್ನಡ, ನಿಜವಾಗಿ ಬೇಕಾದ ಜಾಗದಲ್ಲಿ ಇರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಟೀಚರ್ ಮಗ ಮನುಷ್ಯರ ಜೊತೆ ಮಾತಾಡಬೇಕು ಅಂತ ಆ್ಯಪ್‌ನಲ್ಲಿ ಫೋನ್ ನಂಬರ್ ಹುಡುಕಿದ. ಸಿಗಲಿಲ್ಲ. ಇಂಟರ್ನೆಟ್‌ನಲ್ಲಿ ಹುಡುಕಿದ, ಸಿಕ್ಕಿತು. ಫೋನ್ ಎತ್ತಿದವನು ಬಹಳ ಮರ್ಯಾದೆಯಿಂದ, ಕನ್ನಡದಲ್ಲೇ ಮಾತಾಡಿದನಂತೆ. ರೀಫಂಡ್ ಈಗಲೇ ಕೊಡುತ್ತೇವೆ, ಒಂದು ರಿಕ್ವೆಸ್ಟ್ ಬರುತ್ತದೆ, ಪಿನ್ ಹಾಕಿ ಒಪ್ಪಿಕೊಳ್ಳಿ ಅಂದ. ಟೀಚರ್ ಪಿನ್ ಹಾಕಲು ಹೊರಟಿದ್ದರು. ಅದೇ ಹೊತ್ತಿಗೆ ಏನೋ ಕೇಳಲು ನಾನು ಫೋನ್ ಮಾಡಿದೆ, ಹಾಗಾಗಿ ನಿಂತಿತು.

ಈ ಪ್ರಕರಣದ ಅತಿ ಅಪಾಯದ ಕ್ಷಣ ಇದೇ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ರೀಫಂಡ್ ಅಂತ ಹೇಳಿ ಪಿನ್ ಕೇಳಿದರೆ ದುಡ್ಡು ನಮ್ಮ ಖಾತೆಯಿಂದ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ. ಇದು ಟೀಚರ್‌ಗೆ ಗೊತ್ತಿರಲಿಲ್ಲ ಅಂತಲ್ಲ. ಎರಡು ದಿನದ ಒದ್ದಾಟದಲ್ಲಿ ಸಹಾಯ ಮಾಡುತ್ತೇನೆ ಅಂದ ಮೊದಲ ದನಿ ಅದು. ಸಪೋರ್ಟ್ ನಂಬರನ್ನು ಮುಚ್ಚಿಡುವ ಆ್ಯಪ್ ತನ್ನ ಗ್ರಾಹಕರನ್ನು ನೇರವಾಗಿ ಇಂಥ ಮೋಸಗಾರರ ಕೈಗೆ ತಳ್ಳುತ್ತದೆ. ಅದಕ್ಕೇ ಈಗ ನಾನು ಇದನ್ನು ಬರೀ ಅನುಕೂಲದ ಪ್ರಶ್ನೆ ಅಂತ ನೋಡುವುದಿಲ್ಲ, ಸುರಕ್ಷತೆಯ ಲೆಕ್ಕದಲ್ಲೇ ಬರೆಯುತ್ತೇನೆ.

ಒಂದು ನಂಬರ್

ಭಾನುವಾರ ಮಧ್ಯಾಹ್ನ ಟೀಚರ್ ಮನೆಗೆ ಹೋದೆ. ಆ್ಯಪ್ ಜೊತೆ ವಾದ ಮಾಡುವುದನ್ನು ಬಿಟ್ಟು ಕಾಗದ ಒಟ್ಟು ಮಾಡೋಣ ಅಂತ ನಿರ್ಧರಿಸಿದೆವು. ಮೊದಲು ಬೇಕಾಗಿದ್ದು ಯುಟಿಆರ್, ಹನ್ನೆರಡು ಅಂಕಿಯ ನಂಬರ್. ಆ್ಯಪ್, ಎರಡೂ ಬ್ಯಾಂಕ್, ಎನ್‌ಪಿಸಿಐ, ಎಲ್ಲರೂ ಒಂದು ಪೇಮೆಂಟನ್ನು ಗುರುತಿಸುವುದು ಇದರಿಂದಲೇ. ಆ್ಯಪ್‌ನಲ್ಲಿ ಅದನ್ನು ಹುಡುಕಲು ಐದು ಸಲ ಬೆರಳು ಇಡಬೇಕಾಯಿತು: ಇತಿಹಾಸ, ಆ ಪೇಮೆಂಟ್, ವಿವರ, "ಇನ್ನಷ್ಟು ತೋರಿಸಿ", ಆಮೇಲೆ ಇನ್ನೊಂದು ಬಾಣದ ಗುರುತು. ಕಾಪಿ ಮಾಡುವ ಸೌಲಭ್ಯ ಇಲ್ಲ. ಟೀಚರ್ ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಒಂದೊಂದಾಗಿ ಓದಿದರು, ನಾನು ಬರೆದುಕೊಂಡೆ. ಎರಡು ಪೇಮೆಂಟ್, ಎರಡು ನಂಬರ್. ಒಂದೇ ಮೊತ್ತ, ಒಂದೇ ದಿನ, ಒಂದೇ ವ್ಯಕ್ತಿ ಆಗಿದ್ದರಿಂದ ಎರಡನ್ನೂ ಬೇರೆ ಮಾಡುವುದು ಈ ನಂಬರಿಗೆ ಮಾತ್ರ ಸಾಧ್ಯವಿತ್ತು.

ಟೀಚರ್ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಎರಡೂ ನಂಬರ್ ಇದ್ದವು. ಮೇಸ್ತ್ರಿಯನ್ನು ಕೇಳಿಕೊಂಡೆವು, ಅವರು ಬೇಸರವಿಲ್ಲದೆ ತಮ್ಮ ಸ್ಟೇಟ್‌ಮೆಂಟ್ ತೆಗೆಸಿ ಕಳಿಸಿದರು. ಅದರಲ್ಲಿ ಎರಡನೇ ನಂಬರ್ ಮಾತ್ರ ಇತ್ತು. ಅಲ್ಲಿಗೆ ಅನುಮಾನ ಮುಗಿಯಿತು. ಆ್ಯಪ್ ಹಸಿರು ಟಿಕ್ ತೋರಿಸಿದರೂ ಮೊದಲ ನಂಬರಿನ ದುಡ್ಡು ತಲುಪಿಲ್ಲ ಅಂತ ಕೈಯಲ್ಲೇ ಪುರಾವೆ ಸಿಕ್ಕಿತು.

ಸೋಮವಾರ ಬೆಳಿಗ್ಗೆ ಟೀಚರ್ ತಮ್ಮ ಬ್ಯಾಂಕಿನ ಶಾಖೆಗೆ ಹೋದರು. "ಇದು ಆ್ಯಪ್ ವಿಷಯ, ಅಲ್ಲಿ ಕೇಳಿ" ಅಂದರು. ಆ್ಯಪ್‌ನವರು ಆಗಲೇ ಬ್ಯಾಂಕಿನ ಕಡೆ ಕೈ ತೋರಿಸಿದ್ದರಲ್ಲ. ಹನ್ನೊಂದು ಗಂಟೆಗೆ ಸಾಲದ ಕಂತು ಬೌನ್ಸ್ ಆದ ಎಸ್‌ಎಂಎಸ್ ಬಂತು. ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ದುಡ್ಡು ಯಾವಾಗ ಬರುತ್ತದೆ ಅಂತಲೇ ಲೆಕ್ಕ ಹಾಕುತ್ತಾ, ಅಷ್ಟರೊಳಗೆ ಖಾತೆಯಿಂದ ಏನು ಹೋಗಬೇಕಿದೆ ಅಂತ ಒಮ್ಮೆಯೂ ಕೇಳಲಿಲ್ಲ. ಬೇರೆ ಕಡೆಯಿಂದ ₹3,500 ಹಾಕಿದ್ದರೆ ಸಾಕಿತ್ತು.

ಮಧ್ಯಾಹ್ನ ಎರಡು ಕೆಲಸ ಮಾಡಿದೆವು. ಆ್ಯಪ್‌ನಲ್ಲಿ ಪೇಮೆಂಟ್ ವಿವರದ ತಳದಲ್ಲಿ "ದೂರು ನೀಡಿ" ಅಂತ ಒಂದು ಬೂದು ಬಣ್ಣದ ಸಾಲು ಇರುವುದು ಯುಟಿಆರ್ ಹುಡುಕುವಾಗ ಕಂಡಿತ್ತು. ಸಹಾಯ ವಿಭಾಗದ ಚಾಟ್‌ಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕೊಟ್ಟ ದೂರು ಯುಪಿಐ ವ್ಯವಸ್ಥೆಯ ಒಳಗೇ ಸಾಗಿ ಬ್ಯಾಂಕಿಗೆ ಹೋಗುತ್ತದೆ. ಅದನ್ನು ತುಂಬಿದೆವು. ಜೊತೆಗೆ ಟೀಚರ್ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಬರೆದೆವು. ಉದ್ದ ಬರೆಯಲಿಲ್ಲ. ಯಾವ ದಿನ, ಎಷ್ಟು ಗಂಟೆ, ಎಷ್ಟು ಮೊತ್ತ, ಯಾವ ಯುಟಿಆರ್, ಪಡೆಯುವವರ ಸ್ಟೇಟ್‌ಮೆಂಟ್‌ನಲ್ಲಿ ಅದು ಇಲ್ಲ, ಗಡುವು ಶನಿವಾರಕ್ಕೆ ಮುಗಿದಿದೆ, 2019ರ ಸುತ್ತೋಲೆಯ ಪ್ರಕಾರ ದುಡ್ಡು ಮತ್ತು ಪರಿಹಾರ ಎರಡೂ ಬೇಕು. ಇಷ್ಟೇ. ಎರಡೂ ಸ್ಟೇಟ್‌ಮೆಂಟ್ ಲಗತ್ತಿಸಿದೆವು. ಮೇಸ್ತ್ರಿಯ ಬೇರೆ ವ್ಯವಹಾರಗಳ ಸಾಲುಗಳನ್ನು ಮಾತ್ರ ಮೊದಲು ಕಪ್ಪು ಮಾಡಿದೆವು.

ಆಮೇಲೆ

ಮಂಗಳವಾರ ಸಂಜೆ ₹24,000 ವಾಪಸ್ ಬಂತು. ಸ್ಟೇಟ್‌ಮೆಂಟ್‌ನ ಆ ಸಾಲಿನಲ್ಲಿ ಮೊದಲ ಪೇಮೆಂಟ್‌ನ ಯುಟಿಆರ್ ಇತ್ತು, ಹಾಗಾಗಿ ಇದು ಅದೇ ದುಡ್ಡು ಅನ್ನುವುದು ಖಚಿತವಾಯಿತು. ನಮ್ಮ ದೂರಿನಿಂದಲೇ ಬಂತು ಅಂತ ನಾನು ಹೇಳಲಾರೆ. ಬ್ಯಾಂಕ್ ಲೆಕ್ಕ ತಾಳೆ ನೋಡಿದಾಗ ತಾನಾಗಿಯೇ ಬಂದಿರಲೂಬಹುದು.

ಪರಿಹಾರ ಮಾತ್ರ ತಾನಾಗಿ ಬರಲಿಲ್ಲ. ಗಡುವಿನ ಆಚೆ ಭಾನುವಾರ, ಸೋಮವಾರ, ಮಂಗಳವಾರ, ಒಟ್ಟು ಮೂರು ದಿನ. ರಜಾ ದಿನವೂ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಸುತ್ತೋಲೆ ಎಣಿಸುವುದು ಕ್ಯಾಲೆಂಡರ್ ದಿನಗಳನ್ನು. ಅದೇ ಇಮೇಲ್‌ಗೆ ಇನ್ನೊಮ್ಮೆ ಉತ್ತರ ಬರೆದ ಮೇಲೆ ₹300 ಜಮೆ ಆಯಿತು. ಕಂತು ಬೌನ್ಸ್ ಆದದ್ದರ ಚಾರ್ಜ್ ವಾಪಸ್ ಕೇಳಿದೆವು, ಕೊಡಲಿಲ್ಲ. ದಿನಕ್ಕೆ ₹100 ಅನ್ನುವ ಲೆಕ್ಕದಲ್ಲಿ ಅಂಥ ನಷ್ಟ ಸೇರುವುದಿಲ್ಲ. ಅದನ್ನು ಟೀಚರ್ ಕೈಯಿಂದಲೇ ಕಟ್ಟಿದರು. ಬ್ಯಾಂಕ್ 30 ದಿನ ಸುಮ್ನೆ ಕೂತಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗುವ ದಾರಿ ಇತ್ತು, ಅದಕ್ಕೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಒಂದು ವಿಷಯ ಇನ್ನೂ ಹೆದರಿಸುತ್ತದೆ. ಪಡೆಯುವವರ ಬ್ಯಾಂಕ್ ಆ ದುಡ್ಡನ್ನು ವಾಪಸ್ ಕಳಿಸುವ ಬದಲು ಜಮೆ ಮಾಡಿದ್ದರೆ? ಆಗ ಮೇಸ್ತ್ರಿಯ ಖಾತೆಯಲ್ಲಿ ₹48,000 ಇರುತ್ತಿತ್ತು. ಎರಡೂ ಪೇಮೆಂಟ್ ಸರಿಯಾಗಿಯೇ ಹೋದವು ಅಂತ ಲೆಕ್ಕ, ಯಾವ ದೂರೂ ನಿಲ್ಲುತ್ತಿರಲಿಲ್ಲ. ದುಡ್ಡು ವಾಪಸ್ ಬರುವುದು ಮೇಸ್ತ್ರಿಯ ಒಳ್ಳೆಯತನದ ಮೇಲೆ ನಿಲ್ಲುತ್ತಿತ್ತು. ಈ ಮೇಸ್ತ್ರಿ ಖಂಡಿತ ಕೊಡುತ್ತಿದ್ದರು. ಎಲ್ಲರೂ ಹಾಗಿರುವುದಿಲ್ಲ ಅಲ್ವಾ?

ವಿಮರ್ಶೆಯನ್ನು ಮತ್ತೆ ಬರೆದಾಗ

ಈ ಸಲ ಸೋಲನ್ನೇ ಹುಡುಕಿಕೊಂಡು ಹೋದೆ. ಬ್ಯಾಂಕ್ ಉತ್ತರ ಕೊಡದ ಹಾಗೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದಕ್ಕೆ ಹತ್ತಿರದ ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ನನ್ನದೇ ಇನ್ನೊಂದು ಖಾತೆಗೆ ₹1 ಕಳಿಸಿ, ಪಿನ್ ಹಾಕಿದ ತಕ್ಷಣ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿದೆ. ಆದೇಶ ಕೆಲವೊಮ್ಮೆ ಹೊರಟುಹೋಗಿರುತ್ತದೆ, ಕೆಲವೊಮ್ಮೆ ಇಲ್ಲ. ಏನಾಯಿತು ಅಂತ ಆ್ಯಪ್‌ಗೆ ಗೊತ್ತಾಗುವುದಿಲ್ಲ. ನನಗೆ ಬೇಕಾಗಿದ್ದು ಆ ಸ್ಥಿತಿಯೇ. ಹತ್ತು ಸಲ ಹೀಗೆ ಮಾಡಿದೆ, ಪ್ರತಿ ಸಲವೂ ಎರಡನೇ ಖಾತೆಯ ಸ್ಟೇಟ್‌ಮೆಂಟ್ ಜೊತೆ ಹೋಲಿಸಿದೆ.

ನಾಲ್ಕು ಸಲ ದುಡ್ಡು ನಿಜವಾಗಿ ಹೋಗಿತ್ತು. ಆ ನಾಲ್ಕರಲ್ಲಿ ಮೂರು ಸಲ ಆ್ಯಪ್ ಮೊದಲು ತೋರಿಸಿದ್ದು "ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ" ಅಂತ. ನೆಟ್ ಬಂದ ಮೇಲೆ ಇತಿಹಾಸದಲ್ಲಿ ಸರಿಯಾಯಿತು, ಆದರೆ ಅದನ್ನು ತೆರೆದು ನೋಡಿದರೆ ಮಾತ್ರ. ನಾನು ಹೋಲಿಕೆಗೆ ಇಟ್ಟುಕೊಂಡಿದ್ದ ಇನ್ನೊಂದು ಆ್ಯಪ್ ಅದೇ ಜಾಗದಲ್ಲಿ "ಫಲಿತಾಂಶ ಇನ್ನೂ ತಿಳಿದಿಲ್ಲ" ಅಂದು, ಅದೇ ವ್ಯಕ್ತಿಗೆ ಅದೇ ಮೊತ್ತ ಮತ್ತೆ ಕಳಿಸಲು ಹೋದಾಗ ತಡೆದು ಕೇಳಿತು. ನೋಡಲು ಅದು ಅಷ್ಟು ಚಂದ ಇಲ್ಲ. ನಾಲ್ಕರ ಬದಲು ಆರು ಸಲ ಬೆರಳು ಇಡಬೇಕು. ಆದರೂ ನಮ್ಮ ಮನೆಯ ಹಿರಿಯರ ಫೋನ್‌ಗಳಲ್ಲಿ ಈಗ ಅದನ್ನೇ ಹಾಕಿದ್ದೇನೆ.

ಅಂಕ ಕೊಡುವಾಗ ಒಂದು ಗೆರೆ ಎಳೆದುಕೊಂಡೆ. ದುಡ್ಡು ಸಿಕ್ಕಿಕೊಂಡದ್ದಕ್ಕೆ, ನಾಲ್ಕು ದಿನ ತಡವಾದದ್ದಕ್ಕೆ ಆ್ಯಪ್‌ಗೆ ಅಂಕ ಕಳೆಯಲಿಲ್ಲ. ಅವು ಬ್ಯಾಂಕಿನ ಪಾಲು, ನಾಳೆ ಯಾವ ಆ್ಯಪ್‌ನಲ್ಲೂ ಆಗಬಹುದು. ಆ ನಾಲ್ಕು ದಿನ ಟೀಚರ್ ಮುಂದೆ ಏನು ಬರೆದು ತೋರಿಸಿತು, ಯುಟಿಆರ್ ಎಷ್ಟು ಆಳದಲ್ಲಿ ಇಟ್ಟಿತು, ದೂರಿನ ದಾರಿ ಎಲ್ಲಿ ಮುಚ್ಚಿತ್ತು, ಮನುಷ್ಯರ ಉತ್ತರ ಸಿಕ್ಕಿತೋ ಇಲ್ಲವೋ, ಇವಕ್ಕೆ ಮಾತ್ರ ಅಂಕ ಇಟ್ಟೆ. ನಾಲ್ಕೂವರೆ ಇದ್ದದ್ದು ಎರಡಕ್ಕೆ ಇಳಿಯಿತು. ಹತ್ತು ಪರೀಕ್ಷೆಗಳ ಪರದೆಯ ಚಿತ್ರಗಳನ್ನು ಆ್ಯಪ್‌ನವರಿಗೂ ಕಳಿಸಿದೆ. ಹದಿನಾರನೇ ದಿನ ಒಬ್ಬರು ಫೋನ್ ಮಾಡಿ ವಿವರ ಬರೆದುಕೊಂಡರು.

ಅದಾಗಿ ಎರಡು ತಿಂಗಳಿಗೆ ಬಂದ ಹೊಸ ಆವೃತ್ತಿಯಲ್ಲಿ ಯುಟಿಆರ್ ಮೊದಲ ಪರದೆಗೇ ಬಂದಿದೆ, ಪಕ್ಕದಲ್ಲಿ ಕಾಪಿ ಬಟನ್ ಕೂಡ ಇದೆ. ಅದಕ್ಕೆ ಅರ್ಧ ಅಂಕ ಹೆಚ್ಚಿಸಿದೆ. ಹಳದಿ ಪರದೆಯಲ್ಲಿ ನೀಲಿ ಬಟನ್ ಇನ್ನೂ ಹಾಗೇ ಇದೆ. ಟೀಚರ್ ಈಗ ಆ ಪರದೆ ಕಂಡರೆ ಮೊದಲು ಎಸ್‌ಎಂಎಸ್ ನೋಡುತ್ತಾರೆ, ಎದುರಿಗಿದ್ದವರಿಗೆ "ನಾಳೆ ಹೇಳ್ತೀನಿ" ಅನ್ನುತ್ತಾರೆ.